ಎಲ್ಲಿಂದ ಎಲ್ಲಿಗೆ ಎಷ್ಟು ಲೋಡ್? ಕನಿಷ್ಠ ವೆಚ್ಚದ ಹರಿವಿನ ಲೆಕ್ಕ ಕಟ್ಟುವ ಸಮಗ್ರ ಮಾರ್ಗದರ್ಶಿ

ಮಾಲು ಕೆಲವು ಊರುಗಳಲ್ಲಿದೆ, ಬೇಕಾಗಿರುವುದು ಬೇರೆ ಊರುಗಳಲ್ಲಿ. ನಡುವಿನ ಒಂದೊಂದು ದಾರಿಗೂ ಒಂದು ಬಾಡಿಗೆ, ವಾರಕ್ಕೆ ಇಷ್ಟೇ ಲಾರಿ ಎಂಬ ಮಿತಿ. ಎಲ್ಲರ ಬೇಡಿಕೆ ತೀರಬೇಕು, ಒಟ್ಟು ಬಾಡಿಗೆ ಆದಷ್ಟು ಕಡಿಮೆ ಇರಬೇಕು. ಗಣಿತದಲ್ಲಿ ಇದಕ್ಕೆ ಕನಿಷ್ಠ ವೆಚ್ಚದ ಹರಿವಿನ ಸಮಸ್ಯೆ, ಅಂದರೆ ಮಿನಿಮಮ್ ಕಾಸ್ಟ್ ಫ್ಲೋ ಎನ್ನುತ್ತಾರೆ. ಸೋವಿಯತ್ ರೈಲ್ವೆಯ ಸರಕು ಸಾಗಣೆಗಾಗಿ ಎ. ಎನ್. ಟಾಲ್‌ಸ್ಟಾಯ್ 1930ರಲ್ಲೇ ಇಂಥ ಲೆಕ್ಕ ಬರೆದರು. 1941ರಲ್ಲಿ ಹಿಚ್‌ಕಾಕ್ ಅಮೆರಿಕದಲ್ಲಿ ಅದನ್ನು ಬೇರೆಯಾಗಿ ಮಂಡಿಸಿದರು. ಇಂದು ಬಿಡಿಸುವ ಕೆಲಸವನ್ನು ಕಂಪ್ಯೂಟರ್ ಕ್ಷಣದಲ್ಲಿ ಮುಗಿಸುತ್ತದೆ. ತಪ್ಪುಗಳು ಹುಟ್ಟುವುದು ಅದಕ್ಕೂ ಮೊದಲು, ನಿಜವಾದ ಸಾಗಣೆಯನ್ನು ನೋಡ್ ಮತ್ತು ಆರ್ಕ್‌ಗಳಾಗಿ, ಅಂದರೆ ಊರುಗಳು ಮತ್ತು ಅವುಗಳ ನಡುವಿನ ಏಕಮುಖ ದಾರಿಗಳಾಗಿ ಬರೆಯುವಾಗ. ಉತ್ತರ ಬಂದ ಮೇಲೆ ಅದನ್ನು ಸರಿಯಾಗಿ ಓದುವವರು ಇನ್ನೂ ಕಡಿಮೆ. ಹಾಗಾಗಿ ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು, ಬರೆಯುವುದನ್ನೂ ಓದುವುದನ್ನೂ ನಿಧಾನವಾಗಿ ನೋಡೋಣ.

## ಉದಾಹರಣೆ

ಬೆಂಬಲ ಬೆಲೆಗೆ ಕೊಂಡ ರಾಗಿ ಪಡಿತರಕ್ಕೆ ಹೋಗಬೇಕು ಎಂದಿಟ್ಟುಕೊಳ್ಳಿ. ಅರಸೀಕೆರೆಯಲ್ಲಿ 50 ಲೋಡ್, ಹೊಸದುರ್ಗದಲ್ಲಿ 30 ಲೋಡ್ ಇದೆ. ಬೆಂಗಳೂರಿಗೆ 45, ಮೈಸೂರಿಗೆ 30 ಬೇಕು. ತುಮಕೂರು ಮತ್ತು ಹಾಸನದಲ್ಲಿ ಗೋದಾಮುಗಳಿವೆ. ಅಲ್ಲಿ ಮಾಲು ಇಳಿದು ಬೇರೆ ಲಾರಿ ಹತ್ತುತ್ತದೆಯೇ ಹೊರತು ಉಳಿಯುವುದಿಲ್ಲ. ಒಂದು ಲೋಡ್ ಎಂದರೆ 10 ಟನ್, 50 ಕೆಜಿಯ 200 ಚೀಲ. ಊರುಗಳು ನಿಜ, ಅಂಕಿಗಳು ಮಾತ್ರ ಲೆಕ್ಕ ಕೈಯಲ್ಲೇ ಮಾಡಿ ನೋಡಲು ಆಗುವಂತೆ ನಾನೇ ಇಟ್ಟವು.

ಸೂತ್ರಗಳಲ್ಲಿ ಅರಸೀಕೆರೆಗೆ A, ಹೊಸದುರ್ಗಕ್ಕೆ D, ತುಮಕೂರಿಗೆ T, ಹಾಸನಕ್ಕೆ H, ಬೆಂಗಳೂರಿಗೆ B, ಮೈಸೂರಿಗೆ M ಎಂದು ಬರೆಯುತ್ತೇನೆ.

| ದಾರಿ | ಬಾಡಿಗೆ (ಲೋಡಿಗೆ ಸಾವಿರ ರೂ.) | ವಾರದ ಮಿತಿ (ಲೋಡ್) |
|---|---|---|
| D → T | 6 | 28 |
| D → A | 3 | 15 |
| A → T | 5 | 20 |
| A → H | 3 | 45 |
| T → B | 4 | 35 |
| H → B | 9 | 20 |
| H → M | 6 | 40 |

ಪಟ್ಟಿ ಬರೆಯುವಾಗಲೇ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಮೊದಲನೆಯದು, ಎಲ್ಲ ಅಂಕಿಯೂ ಒಂದೇ ಅಳತೆಯಲ್ಲಿರಬೇಕು. ಪೂರೈಕೆ ಟನ್‌ನಲ್ಲಿ, ಮಿತಿ ಲಾರಿಯಲ್ಲಿ, ಬೇಡಿಕೆ ತಿಂಗಳಿಗೆ, ಮಿತಿ ದಿನಕ್ಕೆ ಎಂದು ಬೇರೆ ಬೇರೆ ಕಡೆಯಿಂದ ಬಂದ ಅಂಕಿಗಳು ಹಾಗೇ ಕೂತುಬಿಟ್ಟರೆ ಪ್ರೋಗ್ರಾಂ ಯಾವ ತಕರಾರೂ ಇಲ್ಲದೆ ತಪ್ಪು ಉತ್ತರ ಕೊಡುತ್ತದೆ. ಎರಡನೆಯದು, ಲಾರಿ ಖಾಲಿ ವಾಪಸ್ ಬರುವ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಿ. ಕೆಲವು ದಾರಿಗೆ ಸೇರಿಸಿ, ಕೆಲವಕ್ಕೆ ಬಿಟ್ಟಿದ್ದರೆ ದಾರಿಗಳನ್ನು ಹೋಲಿಸುವುದೇ ಅರ್ಥಹೀನ.

## ಹಂತ 1: ಪೂರೈಕೆ ಮತ್ತು ಬೇಡಿಕೆಯನ್ನು ಸರಿದೂಗಿಸಿ

ಪ್ರತಿ ನೋಡ್‌ಗೂ ಒಂದು ಅಂಕಿ ಕೊಡುತ್ತೇವೆ. ಅದನ್ನು b ಎನ್ನೋಣ. ಪೂರೈಸುವ ಊರಿಗೆ ಅದು ಧನ, ಬೇಡುವ ಊರಿಗೆ ಋಣ, ಮಾಲು ಹಾದುಹೋಗುವ ಊರಿಗೆ ಸೊನ್ನೆ. ಪ್ರತಿ ನೋಡ್‌ನಲ್ಲೂ ನಿಯಮ ಒಂದೇ: ಹೊರಗೆ ಹೋದದ್ದರಲ್ಲಿ ಒಳಗೆ ಬಂದದ್ದನ್ನು ಕಳೆದರೆ b ಬರಬೇಕು.

ಎಲ್ಲ ನೋಡ್‌ಗಳ ಸಮೀಕರಣಗಳನ್ನು ಕೂಡಿ ನೋಡಿ. ಪ್ರತಿ ಆರ್ಕ್‌ನ ಹರಿವು ಒಂದು ಊರಿನಿಂದ ಹೊರಟದ್ದಾಗಿ ಒಮ್ಮೆ, ಇನ್ನೊಂದು ಊರಿಗೆ ಬಂದದ್ದಾಗಿ ಒಮ್ಮೆ ಬರುತ್ತದೆ. ಎರಡೂ ಹೊಡೆದುಹೋಗಿ ಎಡಗಡೆ ಸೊನ್ನೆ ಉಳಿಯುತ್ತದೆ. ಹಾಗಾದರೆ ಬಲಗಡೆಯ b ಗಳ ಮೊತ್ತವೂ ಸೊನ್ನೆಯೇ ಆಗಬೇಕು. ನಮ್ಮಲ್ಲಿ ಅದು 50 + 30 − 45 − 30 = 5. ಐದು ಲೋಡ್ ಹೆಚ್ಚಿಗೆ ಇದೆ, ಅದು ಎಲ್ಲಿ ಉಳಿಯುತ್ತದೆ ಎಂದು ನಾವು ಹೇಳಿಲ್ಲ.

ಇದಕ್ಕಾಗಿ S ಎಂಬ ಒಂದು ಕಾಲ್ಪನಿಕ ನೋಡ್ ಸೇರಿಸಿ, ಅದರ ಬೇಡಿಕೆ 5 ಎಂದು ಇಡಿ. A → S ಮತ್ತು D → S ಎಂಬ ಎರಡು ಆರ್ಕ್ ಹಾಕಿ. ಆ ಆರ್ಕ್‌ಗಳಲ್ಲಿ ಹರಿಯುವ ಲೋಡ್ ನಿಜದಲ್ಲಿ ಎಲ್ಲಿಗೂ ಹೋಗುವುದಿಲ್ಲ, ಇದ್ದ ಊರಲ್ಲೇ ಉಳಿಯುತ್ತದೆ. ಅವುಗಳ ವೆಚ್ಚವನ್ನು ಸೊನ್ನೆ ಎಂದು ಇಡುವುದು ವಾಡಿಕೆ, ನಾನೂ ಸದ್ಯಕ್ಕೆ ಹಾಗೇ ಇಡುತ್ತೇನೆ. ಆದರೆ ಉಳಿದ ಮಾಲಿಗೆ ಗೋದಾಮಿನ ಬಾಡಿಗೆ ಕೊಡಬೇಕಾಗಿದ್ದರೆ ಆ ಖರ್ಚು ಸೇರಬೇಕಾದ ಜಾಗ ಇದೇ. ಎಷ್ಟು ಬಾಡಿಗೆಗೆ ಉತ್ತರ ಬದಲಾಗುತ್ತದೆ ಎಂಬುದನ್ನು ಮುಂದೆ ನೋಡುತ್ತೇವೆ.

## ಹಂತ 2: ಸಮೀಕರಣಗಳನ್ನು ಬರೆಯಿರಿ

ಪ್ರತಿ ಆರ್ಕ್‌ನಲ್ಲಿ ಎಷ್ಟು ಲೋಡ್ ಹೋಗುತ್ತದೆ ಎಂಬುದು ನಮ್ಮ ಚಲಪದ. ಬಾಡಿಗೆಯನ್ನು ಹರಿವಿನಿಂದ ಗುಣಿಸಿ ಕೂಡಿದರೆ ಒಟ್ಟು ವೆಚ್ಚ.

```
min  6 xDT + 3 xDA + 5 xAT + 3 xAH
     + 4 xTB + 9 xHB + 6 xHM

D:  xDT + xDA + xDS        =  30
A:  xAT + xAH + xAS - xDA  =  50
T:  xTB - xDT - xAT        =   0
H:  xHB + xHM - xAH        =   0
B:  - xTB - xHB            = -45
M:  - xHM                  = -30
S:  - xDS - xAS            =  -5

0 <= xDT <= 28, 0 <= xDA <= 15, 0 <= xAT <= 20,
0 <= xAH <= 45, 0 <= xTB <= 35, 0 <= xHB <= 20,
0 <= xHM <= 40, xDS >= 0, xAS >= 0
```

ಬರೆದ ಮೇಲೆ ಒಂದೊಂದು ಚಲಪದದ ಮೇಲೂ ಬೆರಳಿಟ್ಟು ನೋಡಿ. ಏಳು ಸಮೀಕರಣಗಳಲ್ಲಿ ಅದು ಸರಿಯಾಗಿ ಎರಡು ಕಡೆ ಮಾತ್ರ ಇರಬೇಕು, ಒಂದು ಕಡೆ ಧನ, ಒಂದು ಕಡೆ ಋಣ. ಎಲ್ಲಾದರೂ ಮೂರು ಕಡೆ ಬಂದರೆ, ಇಲ್ಲವೇ ಎರಡೂ ಕಡೆ ಒಂದೇ ಚಿಹ್ನೆ ಬಂದರೆ ನೀವು ಬರೆದದ್ದು ಹರಿವಿನ ಸಮಸ್ಯೆಯಲ್ಲ. ಈ ರಚನೆಗೆ ಬೆಲೆ ಇದೆ: ಮಿತಿ, ಪೂರೈಕೆ, ಬೇಡಿಕೆ ಎಲ್ಲ ಪೂರ್ಣಾಂಕಗಳಾಗಿದ್ದರೆ ಪೂರ್ಣಾಂಕಗಳಲ್ಲೇ ಇರುವ ಕನಿಷ್ಠ ಉತ್ತರವೊಂದು ಖಂಡಿತ ಇರುತ್ತದೆ. 7.4 ಲಾರಿ ಕಳಿಸಿ ಎಂಬ ಉತ್ತರದ ಜೊತೆ ಒದ್ದಾಡಬೇಕಿಲ್ಲ.

## ಹಂತ 3: ಕೈಯಲ್ಲಿ ಒಮ್ಮೆ ಬಿಡಿಸಿ

ಕಂಪ್ಯೂಟರಿಗೆ ಕೊಡುವ ಮೊದಲು ಸಣ್ಣ ಜಾಲವೊಂದನ್ನು ಕೈಯಲ್ಲಿ ಮಾಡಿ ನೋಡುವುದು ಒಳ್ಳೆಯದು. ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಅಗ್ಗದ ದಾರಿಯಿಂದ ತುಂಬುತ್ತಾ ಬರುವುದು. ಅದನ್ನೇ ಮಾಡೋಣ.

ಅರಸೀಕೆರೆ–ತುಮಕೂರು–ಬೆಂಗಳೂರು ದಾರಿಗೆ 5 + 4 = 9. ಅರಸೀಕೆರೆ–ಹಾಸನ–ಮೈಸೂರಿಗೂ 9. ಇವೇ ಅಗ್ಗ. ಮೊದಲನೆಯದರಲ್ಲಿ 20 ಲೋಡ್ ಕಳಿಸಿದರೆ A → T ತುಂಬುತ್ತದೆ. ಎರಡನೆಯದರಲ್ಲಿ 30 ಕಳಿಸಿದರೆ ಮೈಸೂರಿನ ಬೇಡಿಕೆ ತೀರುತ್ತದೆ, ಅರಸೀಕೆರೆಯ 50ರೂ ಮುಗಿಯುತ್ತದೆ. ಮುಂದಿನದು ಹೊಸದುರ್ಗ–ತುಮಕೂರು–ಬೆಂಗಳೂರು, 10. ತುಮಕೂರಿನಿಂದ ಬೆಂಗಳೂರಿಗೆ ಇನ್ನು 15ಕ್ಕಷ್ಟೇ ಜಾಗವಿದೆ, ಹಾಗಾಗಿ 15. ಬೆಂಗಳೂರಿಗೆ ಇನ್ನೂ 10 ಬೇಕು. ಉಳಿದ ದಾರಿ ಹೊಸದುರ್ಗ–ಅರಸೀಕೆರೆ–ಹಾಸನ–ಬೆಂಗಳೂರು ಮಾತ್ರ, ಲೋಡಿಗೆ 15. ಅದರಲ್ಲಿ 10.

ಒಟ್ಟು 180 + 270 + 150 + 150 = 750, ಅಂದರೆ 7,50,000 ರೂ. ಪ್ರತಿ ಹೆಜ್ಜೆಯಲ್ಲೂ ಆಗ ಸಿಗುತ್ತಿದ್ದ ಅತಿ ಅಗ್ಗದ ದಾರಿಯನ್ನೇ ಹಿಡಿದಿದ್ದೇವೆ. ಆದರೂ ಇದು ಕನಿಷ್ಠವಲ್ಲ.

ಏಕೆ ಎಂದು ತಿಳಿಯಲು ಹರಿವನ್ನು ಹಿಂದೆ ತೆಗೆಯುವ ಅವಕಾಶವನ್ನೂ ಲೆಕ್ಕಕ್ಕೆ ತರಬೇಕು. ಒಂದು ಆರ್ಕ್‌ನಲ್ಲಿ ಈಗಾಗಲೇ ಹರಿಯುತ್ತಿರುವ ಲೋಡನ್ನು ರದ್ದು ಮಾಡಿದರೆ ಅದರ ಬಾಡಿಗೆ ಉಳಿಯುತ್ತದೆ. ಅದನ್ನು ತಿರುಗುಮುಖದ ಆರ್ಕ್ ಎಂದು ಬರೆದುಕೊಳ್ಳಿ: ವೆಚ್ಚ ಅಷ್ಟೇ, ಆದರೆ ಋಣ ಚಿಹ್ನೆ, ಮಿತಿ ಈಗ ಹರಿಯುತ್ತಿರುವಷ್ಟು. ಇನ್ನೂ ಜಾಗವಿರುವ ಮುಂಮುಖದ ಆರ್ಕ್‌ಗಳು ಮತ್ತು ಈ ತಿರುಗುಮುಖದ ಆರ್ಕ್‌ಗಳು ಸೇರಿದರೆ ಉಳಿಕೆ ಜಾಲ. ಅದರಲ್ಲಿ ಒಂದು ಊರಿನಿಂದ ಹೊರಟು ಅದೇ ಊರಿಗೆ ಬರುವ ಸುತ್ತಿನ ಒಟ್ಟು ವೆಚ್ಚ ಋಣವಾಗಿದ್ದರೆ, ಆ ಸುತ್ತಿನಲ್ಲಿ ಲೋಡ್ ತಿರುಗಿಸಿದಷ್ಟೂ ದುಡ್ಡು ಉಳಿಯುತ್ತದೆ. ಸುತ್ತಾಗಿರುವುದರಿಂದ ಯಾವ ಊರಿನ ಸಮತೋಲವೂ ಕೆಡುವುದಿಲ್ಲ.

ನಮ್ಮ ಉತ್ತರದಲ್ಲಿ ಹೊಸದುರ್ಗದಿಂದ ಶುರುಮಾಡಿ. D → T ಯಲ್ಲಿ ಇನ್ನೂ 13ಕ್ಕೆ ಜಾಗವಿದೆ, ವೆಚ್ಚ +6. ತುಮಕೂರಿನಿಂದ ಅರಸೀಕೆರೆಗೆ ತಿರುಗುಮುಖ, ಅಂದರೆ A → T ಯ 20ರಲ್ಲಿ ಕಡಿತ, ವೆಚ್ಚ −5. ಅರಸೀಕೆರೆಯಿಂದ ಹೊಸದುರ್ಗಕ್ಕೆ ತಿರುಗುಮುಖ, ಅಂದರೆ D → A ಯ 10ರಲ್ಲಿ ಕಡಿತ, ವೆಚ್ಚ −3. ಒಟ್ಟು 6 − 5 − 3 = −2. ಮೂರು ಮಿತಿಗಳಾದ 13, 20, 10ರಲ್ಲಿ ಚಿಕ್ಕದು 10. ಆದ್ದರಿಂದ 10 ಲೋಡ್ ತಿರುಗಿಸಿ 20 ಸಾವಿರ ಉಳಿಸಬಹುದು.

ಇದನ್ನು ಲಾರಿ ಓಡಿಸುವವರ ಮಾತಿನಲ್ಲಿ ಹೇಳಿದರೆ ತಪ್ಪು ಎಲ್ಲಿತ್ತು ಎಂದು ತಕ್ಷಣ ಕಾಣುತ್ತದೆ. ಹೊಸದುರ್ಗದ ರಾಗಿ ಅರಸೀಕೆರೆಗೆ ಬರುತ್ತಿತ್ತು. ಅದೇ ಹೊತ್ತಿಗೆ ಅರಸೀಕೆರೆಯ ರಾಗಿ ತುಮಕೂರಿಗೆ ಹೊರಡುತ್ತಿತ್ತು. ಹೊಸದುರ್ಗದ್ದನ್ನು ನೇರ ತುಮಕೂರಿಗೆ ಕಳಿಸಿ, ಅರಸೀಕೆರೆಯದ್ದನ್ನು ಹಾಸನದ ಕಡೆಗೆ ತಿರುಗಿಸಿದರೆ ಸಾಕಾಗಿತ್ತು. ಮೊದಲ ಹೆಜ್ಜೆಯಲ್ಲಿ A → T ಅಗ್ಗವೆಂದು ಅದನ್ನು ಪೂರ್ತಿ ತುಂಬಿದ್ದೇ ಈ ಸುತ್ತಾಟಕ್ಕೆ ಕಾರಣ.

ತಿದ್ದಿದ ಮೇಲಿನ ಹರಿವು ಹೀಗಿದೆ: D → T 25, D → A 0, A → T 10, A → H 40, T → B 35, H → B 10, H → M 30, ಹೊಸದುರ್ಗದಲ್ಲಿ ಉಳಿಯುವುದು 5. ವೆಚ್ಚ 150 + 50 + 120 + 140 + 90 + 180 = 730, ಅಂದರೆ 7,30,000 ರೂ. ಋಣ ಸುತ್ತು ಸಿಗುತ್ತಿರುವವರೆಗೂ ಹೀಗೆ ತಿದ್ದುತ್ತಾ ಹೋಗುವ ಕ್ರಮವನ್ನು 1967ರಲ್ಲಿ ಕ್ಲೈನ್ ಬರೆದರು. ಋಣ ಸುತ್ತು ಒಂದೂ ಇಲ್ಲದಿದ್ದರೆ ಹರಿವು ಕನಿಷ್ಠ ವೆಚ್ಚದ್ದು ಎಂಬುದು ಸಾಧಿತ ಫಲಿತಾಂಶ. ಆದರೆ ಇನ್ನು ಸುತ್ತು ಇಲ್ಲ ಎಂದು ಎಲ್ಲ ಸುತ್ತನ್ನೂ ಹುಡುಕದೆ ಹೇಳುವುದು ಹೇಗೆ?

## ಹಂತ 4: ಊರಿಗೊಂದು ಬೆಲೆ ಕಟ್ಟಿ ಪರೀಕ್ಷಿಸಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಪ್ರತಿ ಊರಿನಲ್ಲೂ ಒಂದು ಲೋಡಿಗೆ ಒಂದು ಬೆಲೆ ಇದೆ ಎಂದುಕೊಳ್ಳಿ. ಹೊಸದುರ್ಗದಲ್ಲಿ ಮಾಲು ಉಳಿದಿದೆ, ಆದ್ದರಿಂದ ಅಲ್ಲಿ ಬೆಲೆ 0. ಹರಿವು ಮಿತಿಗೂ ಮುಟ್ಟದೆ, ಸೊನ್ನೆಯೂ ಆಗದೆ ನಡುವೆ ಇರುವ ಆರ್ಕ್‌ಗಳಲ್ಲಿ ಎರಡು ತುದಿಯ ಬೆಲೆಗಳ ವ್ಯತ್ಯಾಸ ಸರಿಯಾಗಿ ಬಾಡಿಗೆಯಷ್ಟೇ ಇರಬೇಕು. ಈ ನಿಯಮದಿಂದ ಒಂದೊಂದೇ ಬೆಲೆ ಸಿಗುತ್ತದೆ. D → T ಯಲ್ಲಿ 28ಕ್ಕೆ 25 ಹರಿಯುತ್ತಿದೆ, ಹಾಗಾಗಿ ತುಮಕೂರಿನ ಬೆಲೆ 6. A → T ಯಿಂದ ಹಿಂದಕ್ಕೆ ಬಂದರೆ ಅರಸೀಕೆರೆಯ ಬೆಲೆ 6 − 5 = 1. ಅಲ್ಲಿಂದ ಹಾಸನ 4, ಮೈಸೂರು 10, ಬೆಂಗಳೂರು 13. S ನ ಬೆಲೆ 0.

ಈಗ ಉಳಿದ ಮೂರು ಆರ್ಕ್‌ಗಳನ್ನು ನೋಡಿ. ಸೊನ್ನೆ ಹರಿವಿರುವ ಆರ್ಕ್‌ನಲ್ಲಿ ಬೆಲೆಯ ಏರಿಕೆ ಬಾಡಿಗೆಗಿಂತ ಹೆಚ್ಚಿರಬಾರದು, ಇದ್ದರೆ ಆ ದಾರಿಯನ್ನು ಬಳಸಬೇಕಿತ್ತು. D → A ಯಲ್ಲಿ ಏರಿಕೆ 1, ಬಾಡಿಗೆ 3; ಸರಿ. A → S ನಲ್ಲಿ ಏರಿಕೆ −1, ವೆಚ್ಚ 0, ಸರಿ. ತುಂಬಿರುವ ಆರ್ಕ್‌ನಲ್ಲಿ ಏರಿಕೆ ಬಾಡಿಗೆಗಿಂತ ಕಡಿಮೆ ಇರಬಾರದು, ಇದ್ದರೆ ಅಷ್ಟೊಂದು ಕಳಿಸಬಾರದಿತ್ತು. T → B ಯಲ್ಲಿ ಏರಿಕೆ 7, ಬಾಡಿಗೆ 4, ಸರಿ. ಎಲ್ಲ ಪರೀಕ್ಷೆಯೂ ಪಾಸಾಯಿತು. ಎಂಥ ಸುತ್ತು ತೆಗೆದುಕೊಂಡರೂ ಅದರ ಉದ್ದಕ್ಕೂ ಬೆಲೆಗಳ ಏರಿಳಿತ ಕೂಡಿ ಸೊನ್ನೆಯಾಗುವುದರಿಂದ ಋಣ ಸುತ್ತು ಎಲ್ಲೂ ಇರಲು ಸಾಧ್ಯವಿಲ್ಲ. 730ಕ್ಕಿಂತ ಕಡಿಮೆಗೆ ಈ ಕೆಲಸ ಆಗುವುದಿಲ್ಲ ಎಂದು ಯಾರ ಮುಂದೆ ಬೇಕಾದರೂ ಕಾಗದದ ಮೇಲೆ ತೋರಿಸಬಹುದು.

ಈ ಬೆಲೆಗಳು ಇನ್ನೂ ಹೆಚ್ಚು ಹೇಳುತ್ತವೆ. T → B ಯಲ್ಲಿ ಏರಿಕೆಗೂ ಬಾಡಿಗೆಗೂ 3ರ ವ್ಯತ್ಯಾಸವಿದೆ. ತುಮಕೂರು–ಬೆಂಗಳೂರು ದಾರಿಗೆ ಇನ್ನೊಂದು ಲಾರಿ ಸಿಕ್ಕರೆ 3,000 ರೂ. ಉಳಿಯುತ್ತದೆ ಎಂದು ಇದರ ಅರ್ಥ. ತಾಳೆ ನೋಡಿ: T → B ಗೆ 4 ಕೊಟ್ಟು, ಹಾಸನ–ಬೆಂಗಳೂರಿನ 9 ಮತ್ತು ಅರಸೀಕೆರೆ–ಹಾಸನದ 3 ಉಳಿಸಿ, ಅರಸೀಕೆರೆ–ತುಮಕೂರಿಗೆ 5 ಕೊಟ್ಟರೆ 4 − 9 − 3 + 5 = −3. ಹಾಗಾದರೆ ಗುತ್ತಿಗೆದಾರ ಈ ದಾರಿಗೆ ಹೆಚ್ಚುವರಿ ಲಾರಿ ಬಿಡಲು ಬಾಡಿಗೆಯ ಮೇಲೆ 2,000 ಕೇಳಿದರೂ ಒಪ್ಪಬಹುದು, 4,000 ಕೇಳಿದರೆ ಬೇಡ. ಈ ಉಳಿತಾಯ ಹತ್ತು ಲಾರಿಯವರೆಗೆ ಮಾತ್ರ. ಆಮೇಲೆ ಹಾಸನದಿಂದ ಬೆಂಗಳೂರಿಗೆ ಹೋಗುವ ಹರಿವು ಸೊನ್ನೆಯಾಗುತ್ತದೆ, ಅರಸೀಕೆರೆ–ತುಮಕೂರು ದಾರಿಯೂ ತುಂಬುತ್ತದೆ.

ಬೆಂಗಳೂರಿನ ಬೆಲೆ 13 ಎಂದರೆ ಅಲ್ಲಿ ಇನ್ನೊಂದು ಲೋಡ್ ಬೇಡಿಕೆ ಬಂದರೆ 13,000 ಖರ್ಚು. ಸಾಗುವ ಬಗೆಯನ್ನು ಗಮನಿಸಿ: ಹೊಸದುರ್ಗದಿಂದ ತುಮಕೂರಿಗೆ ಒಂದು ಹೆಚ್ಚು, ಅರಸೀಕೆರೆಯಿಂದ ತುಮಕೂರಿಗೆ ಒಂದು ಕಡಿಮೆ, ಅರಸೀಕೆರೆಯಿಂದ ಹಾಸನದ ಮೂಲಕ ಬೆಂಗಳೂರಿಗೆ ಒಂದು ಹೆಚ್ಚು. ಈ ಬೆಲೆಗೆ ಮೂರು ಲೋಡ್ ಮಾತ್ರ ಸಿಗುತ್ತದೆ, ಏಕೆಂದರೆ D → T ಯಲ್ಲಿ ಉಳಿದಿರುವ ಜಾಗ ಅಷ್ಟೇ. ನಾಲ್ಕನೆಯದು ಹೊಸದುರ್ಗ–ಅರಸೀಕೆರೆ–ಹಾಸನದ ಸುತ್ತಿನಲ್ಲಿ ಬಂದು 15,000 ಆಗುತ್ತದೆ. ವರದಿಯಲ್ಲಿ ಬೆಲೆಯನ್ನಷ್ಟೇ ಬರೆದು ಅದು ಎಷ್ಟು ಲೋಡಿನವರೆಗೆ ನಿಜ ಎಂದು ಬರೆಯದಿದ್ದರೆ ಓದುವವರು ದಾರಿ ತಪ್ಪುತ್ತಾರೆ.

ಗೋದಾಮಿನ ಬಾಡಿಗೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅರಸೀಕೆರೆಯ ಬೆಲೆ ಹೊಸದುರ್ಗಕ್ಕಿಂತ 1 ಹೆಚ್ಚು. ಆದ್ದರಿಂದ ಉಳಿದ ಲೋಡಿಗೆ ಹೊಸದುರ್ಗದಲ್ಲಿ ಅರಸೀಕೆರೆಗಿಂತ 1,000ಕ್ಕೂ ಹೆಚ್ಚು ಬಾಡಿಗೆ ಬೀಳುವುದಾದರೆ ಮೂರು ಲೋಡಿನವರೆಗೆ ಮಾಲನ್ನು ಅರಸೀಕೆರೆಯಲ್ಲಿ ಉಳಿಸಿಕೊಳ್ಳುವುದೇ ಮೇಲು. ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ದರೆ ಉತ್ತರ ಬದಲಾಗುವುದಿಲ್ಲ.

## ಹಂತ 5: ಕಂಪ್ಯೂಟರಿಗೆ ಕೊಡಿ

ಪೈಥಾನ್‌ನಲ್ಲಿ `networkx` ಎಂಬ ಲೈಬ್ರರಿ ಸಾಕು.

```python
import networkx as nx

G = nx.DiGraph()
b = {"D": -30, "A": -50, "B": 45, "M": 30, "S": 5}
for n, d in b.items():
    G.add_node(n, demand=d)

arcs = [("D","T",6,28), ("D","A",3,15), ("A","T",5,20),
        ("A","H",3,45), ("T","B",4,35), ("H","B",9,20),
        ("H","M",6,40), ("D","S",0,5), ("A","S",0,5)]
for u, v, c, k in arcs:
    G.add_edge(u, v, weight=c, capacity=k)

cost, flow = nx.network_simplex(G)
print(cost)   # 730
```

ಚಿಹ್ನೆಗಳನ್ನು ಗಮನಿಸಿದಿರಾ? ಇಲ್ಲಿ ಪೂರೈಕೆ ಋಣ, ಬೇಡಿಕೆ ಧನ. ನಾವು ಮೇಲೆ ಬರೆದದ್ದಕ್ಕೆ ಉಲ್ಟಾ. ಓಆರ್-ಟೂಲ್ಸ್ ಎಂಬ ಇನ್ನೊಂದು ಲೈಬ್ರರಿಯಲ್ಲಿ ಪೂರೈಕೆಯೇ ಧನ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಇದನ್ನು ಮರೆತರೆ ಬೆಂಗಳೂರಿನಿಂದ ರಾಗಿ ಹೊರಡಿಸಲು ಹೊರಟಂತಾಗುತ್ತದೆ. ಆರ್ಕ್‌ಗಳಿಗೆ ದಿಕ್ಕು ಇರುವುದರಿಂದ ಆಗ ಸಾಮಾನ್ಯವಾಗಿ ಉತ್ತರವೇ ಇಲ್ಲ ಎಂಬ ಸಂದೇಶ ಬರುತ್ತದೆ.

`weight`, `capacity`, `demand` ಮೂರನ್ನೂ ಪೂರ್ಣಾಂಕಗಳಲ್ಲೇ ಕೊಡಿ. ಬಾಡಿಗೆ 5.75 ಸಾವಿರ ಇದ್ದರೆ 5750 ಎಂದು ರೂಪಾಯಿಯಲ್ಲಿ ಬರೆಯಿರಿ. ದಶಮಾಂಶ ಕೊಟ್ಟರೆ ಈ ವಿಧಾನ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಖಾತರಿ ಇಲ್ಲ.

ಇನ್ನೊಂದು ಗುಂಡಿ `DiGraph` ನಲ್ಲಿದೆ. ಒಂದೇ ಎರಡು ಊರಿನ ನಡುವೆ ಎರಡು ಬಾಡಿಗೆ ಇರುವುದು ಸಾಮಾನ್ಯ: ಮೊದಲ 20 ಲೋಡ್‌ಗೆ 4, ಆಮೇಲಿನ 15ಕ್ಕೆ 6 ಎಂಬಂತೆ. ಎರಡು `add_edge` ಬರೆದರೆ ಎರಡನೆಯದು ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಇಂಥಲ್ಲಿ `MultiDiGraph` ಬಳಸಿ. ಬರೆದ ಆರ್ಕ್‌ಗಳೆಷ್ಟು, `G.number_of_edges()` ಹೇಳುವುದೆಷ್ಟು ಎಂದು ಹೋಲಿಸಿ ನೋಡಿದರೆ ತಪ್ಪು ಸಿಕ್ಕಿಬೀಳುತ್ತದೆ.

## ಹಂತ 6: ಉತ್ತರವೇ ಇಲ್ಲ ಎಂದಾಗ

`total node demand is not zero` ಎಂಬ ಸಂದೇಶ ಬಂದರೆ ಹಂತ 1ಕ್ಕೆ ಹಿಂತಿರುಗಿ, ಮೊತ್ತ ಸರಿದೂಗಿಲ್ಲ. `no flow satisfies all node demands` ಎಂದರೆ ಮೊತ್ತ ಸರಿಯಿದೆ, ದಾರಿಗಳು ಸಾಲುತ್ತಿಲ್ಲ. ಎಲ್ಲಿ ಸಾಲುತ್ತಿಲ್ಲ ಎಂದು ಅದು ಹೇಳುವುದಿಲ್ಲ.

ಒಂದು ನಿಜವಾದ ತೊಡಕಿನ ಜೊತೆಗೇ ಇದನ್ನು ನೋಡೋಣ. ತುಮಕೂರಿನ ಗೋದಾಮಿನಲ್ಲಿ ಹಮಾಲರು ಕಡಿಮೆ, ವಾರಕ್ಕೆ 30 ಲೋಡ್ ಮಾತ್ರ ಇಳಿಸಿ ಏರಿಸಬಲ್ಲರು ಎನ್ನೋಣ. ಮಿತಿ ಈಗ ಆರ್ಕ್‌ಗಲ್ಲ, ಊರಿಗೆ. ತುಮಕೂರನ್ನು ಎರಡು ನೋಡ್ ಮಾಡಿ: ಒಳಬರುವ ಆರ್ಕ್‌ಗಳೆಲ್ಲ `T_in` ಗೆ, ಹೊರಹೋಗುವವೆಲ್ಲ `T_out` ನಿಂದ, ನಡುವೆ 30ರ ಮಿತಿಯ ಒಂದು ಆರ್ಕ್. ಹಮಾಲಿ ಖರ್ಚಿದ್ದರೆ ಅದನ್ನೂ ಆ ನಡು ಆರ್ಕ್‌ನ ವೆಚ್ಚವಾಗಿ ಬರೆಯಬಹುದು. ಖರ್ಚಿಲ್ಲ ಎಂದುಕೊಂಡು ಬಿಡಿಸಿದರೆ ಒಟ್ಟು 745 ಬರುತ್ತದೆ. ಐದು ಲೋಡ್ ಹಾಸನದ ಕಡೆ ತಿರುಗಿತು, ಪ್ರತಿಯೊಂದಕ್ಕೂ 3 ಹೆಚ್ಚು. ಹಂತ 4ರಲ್ಲಿ ಕಂಡ ಅದೇ 3.

ಈಗ ಹಮಾಲರು ಇನ್ನೂ ಕಡಿಮೆಯಾಗಿ ಮಿತಿ 25ಕ್ಕೆ ಇಳಿಯಿತು ಎನ್ನಿ. ಪ್ರೋಗ್ರಾಂ ಕೈಚೆಲ್ಲುತ್ತದೆ. ಇಂಥ ಹೊತ್ತಿಗೆಂದೇ ಮಾದರಿಯಲ್ಲಿ ಮೊದಲಿಂದಲೂ ಒಂದು ಕೊರತೆಯ ನೋಡ್ ಇಟ್ಟಿರಬೇಕು. ಅದಕ್ಕೆ 75ರ ಕಾಲ್ಪನಿಕ ಪೂರೈಕೆ ಕೊಡಿ. ಅಲ್ಲಿಂದ ಬೆಂಗಳೂರು, ಮೈಸೂರಿಗೆ ಲೋಡಿಗೆ 100ರ ವೆಚ್ಚದ ಆರ್ಕ್ ಹಾಕಿ. S ನ ಬೇಡಿಕೆಯನ್ನೂ 75 ಹೆಚ್ಚಿಸಿ, ಕೊರತೆ ನೋಡ್‌ನಿಂದ S ಗೆ ಸೊನ್ನೆ ವೆಚ್ಚದ ಆರ್ಕ್ ಕೊಡಿ. D → S, A → S ಗಳ ಮಿತಿಯನ್ನು ತೆಗೆದುಬಿಡಿ, ಕೊರತೆ ಬಂದಾಗ ಊರಲ್ಲಿ ಉಳಿಯುವ ಮಾಲು ಐದಕ್ಕಿಂತ ಹೆಚ್ಚಾಗುತ್ತದೆ. ನಮ್ಮ ಅತಿ ದುಬಾರಿ ದಾರಿಯೇ 15 ಆಗಿರುವಾಗ 100 ಧಾರಾಳವಾಯಿತು. ಕೋಟಿಗಟ್ಟಲೆ ಅಂಕಿ ಹಾಕುವ ಅಭ್ಯಾಸ ಬೇಡ; ಒಟ್ಟು ವೆಚ್ಚದಲ್ಲಿ ನಿಜವಾದ ಬಾಡಿಗೆ ಕಾಣದಂತಾಗುತ್ತದೆ, ದಶಮಾಂಶದಲ್ಲಿ ಲೆಕ್ಕ ಮಾಡುವ ಪ್ರೋಗ್ರಾಂಗಳಲ್ಲಿ ನಿಖರತೆಯೂ ಹೋಗುತ್ತದೆ.

ಹೀಗೆ ಬಿಡಿಸಿದರೆ ಐದು ಲೋಡ್ ಕೊರತೆಯ ಆರ್ಕ್‌ನಲ್ಲಿ ಹರಿಯುವುದು ಕಾಣುತ್ತದೆ. ಕಾರಣ ಚಿತ್ರದಲ್ಲೇ ಇದೆ: ಬೆಂಗಳೂರಿಗಾಗಲಿ ಮೈಸೂರಿಗಾಗಲಿ ಹೋಗುವ ಪ್ರತಿ ಲೋಡೂ ತುಮಕೂರಿನ ಗೋದಾಮನ್ನೋ ಅರಸೀಕೆರೆ–ಹಾಸನ ದಾರಿಯನ್ನೋ ದಾಟಲೇಬೇಕು. ಎರಡೂ ಸೇರಿ 25 + 45 = 70, ಬೇಕಿರುವುದು 75. ಪೂರೈಕೆಯ ಊರುಗಳನ್ನು ಬೇಡಿಕೆಯ ಊರುಗಳಿಂದ ಬೇರ್ಪಡಿಸುವ ಇಂಥ ಗೆರೆಯನ್ನು ಹುಡುಕಿ ತೋರಿಸಿದರೆ ಮೇಲಿನವರ ಜೊತೆ ವಾದ ಬೇಕಾಗುವುದಿಲ್ಲ. ಹೊಸದುರ್ಗದಲ್ಲಿ ಇನ್ನಷ್ಟು ರಾಗಿ ಕೊಂಡರೂ ಪ್ರಯೋಜನವಿಲ್ಲ, ಆ ಗೆರೆಯನ್ನು ದಾಟುವ ದಾರಿಯೇ ಹಿಗ್ಗಬೇಕು.

## ಕನಿಷ್ಠ ಲೋಡಿನ ಷರತ್ತು

ಗುತ್ತಿಗೆಯಲ್ಲಿ ಈ ದಾರಿಗೆ ವಾರಕ್ಕೆ ಇಷ್ಟಾದರೂ ಲೋಡ್ ಕೊಡಲೇಬೇಕು ಎಂದಿರುತ್ತದೆ. ಹೊಸದುರ್ಗ–ಅರಸೀಕೆರೆಗೆ ಕನಿಷ್ಠ 4 ಎನ್ನೋಣ. ಆ ನಾಲ್ಕನ್ನು ಮೊದಲೇ ಕಳಿಸಿಬಿಟ್ಟಂತೆ ಲೆಕ್ಕ ಮಾಡಿ: ಹೊಸದುರ್ಗದ ಪೂರೈಕೆ 26, ಅರಸೀಕೆರೆಯದ್ದು 54, ಆರ್ಕ್‌ನ ಮಿತಿ 11, ಕೊನೆಗೆ ವೆಚ್ಚಕ್ಕೆ 12 ಕೂಡಿಸುವುದು. ಉತ್ತರ 738. ಮೊದಲಿನದಕ್ಕಿಂತ 8 ಹೆಚ್ಚು, ಲೋಡಿಗೆ 2ರಂತೆ. ಬೆಲೆಗಳಿಂದಲೂ ಅಷ್ಟೇ ಬರುತ್ತದೆ: ಬಾಡಿಗೆ 3, ಏರಿಕೆ 1, ವ್ಯತ್ಯಾಸ 2. ಗುತ್ತಿಗೆಗೆ ಸಹಿ ಹಾಕುವ ಮೊದಲೇ ಆ ಷರತ್ತಿನ ಖರ್ಚು ವಾರಕ್ಕೆ 8,000 ಎಂದು ಹೇಳಬಹುದಾಗಿತ್ತು.

## ಎಲ್ಲಿಯವರೆಗೆ ಈ ಮಾದರಿ ನಿಲ್ಲುತ್ತದೆ

ಮೇಲೆ ಹೇಳಿದ ಎರಡು ಬಾಡಿಗೆಯ ಉದಾಹರಣೆಯಲ್ಲಿ ಲೋಡ್ ಹೆಚ್ಚಿದಂತೆ ಬಾಡಿಗೆ ಏರುತ್ತಿತ್ತು. ಅಂಥದ್ದನ್ನು ಎರಡು ಸಮಾನಾಂತರ ಆರ್ಕ್‌ಗಳಾಗಿ ಬರೆದರೆ ಅಗ್ಗದ್ದು ತಾನಾಗಿಯೇ ಮೊದಲು ತುಂಬುತ್ತದೆ. ಉಲ್ಟಾ ಇದ್ದರೆ, ಅಂದರೆ 20 ಲೋಡ್ ದಾಟಿದ ಮೇಲೆ ರಿಯಾಯಿತಿ ಎಂದಿದ್ದರೆ, ಲೆಕ್ಕ ರಿಯಾಯಿತಿಯ ಆರ್ಕ್‌ನ್ನೇ ಮೊದಲು ತುಂಬುತ್ತದೆ. ದುಬಾರಿ 20 ಲೋಡ್ ಕಳಿಸದೆಯೇ ರಿಯಾಯಿತಿ ಪಡೆದುಬಿಡುತ್ತದೆ. ಉತ್ತರ ನೋಡಲು ಸುಂದರವಾಗಿರುತ್ತದೆ, ಬಿಲ್ ಬಂದಾಗ ತಾಳೆಯಾಗುವುದಿಲ್ಲ. ದಾರಿಯನ್ನು ಬಳಸಿದರೆ ಒಂದು ಇಡಿಗಂಟು ಬಾಡಿಗೆ, ಬಳಸದಿದ್ದರೆ ಇಲ್ಲ ಎಂಬುದೂ ಇದೇ ಜಾತಿಯದು. ಇವಕ್ಕೆ ಹೌದು–ಇಲ್ಲ ಎಂಬ ಪೂರ್ಣಾಂಕ ಚಲಪದಗಳು ಬೇಕು, ಅಲ್ಲಿಗೆ ಇದು ಬೇರೆ ಬಗೆಯ, ಹೆಚ್ಚು ಕಷ್ಟದ ಸಮಸ್ಯೆ.

ಎರಡು ಬಗೆಯ ಮಾಲು ಒಂದೇ ಲಾರಿ ಮಿತಿಯನ್ನು ಹಂಚಿಕೊಂಡಾಗಲೂ ಹಾಗೆಯೇ. ರಾಗಿಗೊಂದು, ಅಕ್ಕಿಗೊಂದು ಹರಿವು ಬರೆದು ಎರಡರ ಮೊತ್ತ 35 ಮೀರಬಾರದು ಎಂದರೆ, ಆ ಮಿತಿಯ ಸಾಲಿನಿಂದಾಗಿ ಒಂದು ಚಲಪದ ಎರಡು ಕಡೆ ಮಾತ್ರ ಬರಬೇಕೆಂಬ ರಚನೆ ಮುರಿಯುತ್ತದೆ. ಅರ್ಧ ಲಾರಿಯ ಉತ್ತರಗಳು ಬರಬಹುದು. ಎರಡನ್ನೂ ಒಂದೇ ಮಾಲೆಂದು ಕೂಡಿಸಿ ಬಿಡಿಸುವವರಿದ್ದಾರೆ. ಆಗ ಬೆಂಗಳೂರಿನ ಅಕ್ಕಿಯ ಬೇಡಿಕೆಗೆ ಅರಸೀಕೆರೆಯ ರಾಗಿ ಹೋಗಿ ಲೆಕ್ಕ ಚುಕ್ತಾ ಆಗಿರುತ್ತದೆ. ಮಾಲುಗಳು ಒಂದಕ್ಕೊಂದು ಬದಲಿಯಾಗದಿದ್ದರೆ ಅವನ್ನು ಒಂದೇ ಹರಿವಿನಲ್ಲಿ ಬರೆಯಬೇಡಿ. ಹಂಚಿಕೊಂಡ ಮಿತಿಯ ಸಾಲನ್ನು ಸೇರಿಸಿ, ಪೂರ್ಣಾಂಕ ಷರತ್ತು ಹಾಕಿ, ಪೂರ್ಣಾಂಕ ಚಲಪದಗಳನ್ನೂ ಬಿಡಿಸಬಲ್ಲ ಸಾಮಾನ್ಯ ಲೀನಿಯರ್ ಪ್ರೋಗ್ರಾಮಿಂಗ್ ಸಾಲ್ವರ್‌ಗೆ ಕೊಡಿ.